ರಿವ್ಯೂವರ್‌ಗೆ ಉತ್ತರ ಪತ್ರ: ಪ್ರತಿ ಕಾಮೆಂಟಿಗೂ ಏನು ಬದಲಾಯಿಸಿದಿರಿ ಎಂದು ತೋರಿಸುವುದು ಹೇಗೆ

"ಎಲ್ಲಾ ತಿದ್ದೀನ್ರಿ ಸರ, ಮತ್ತ ಯಾಕ ವಾಪಸ್ ಬಂತು?"

ಕಲಬುರಗಿಯಲ್ಲಿ ಪಿಎಚ್‌ಡಿ ಮಾಡುವ ಹುಡುಗರು, ಹುಡುಗಿಯರು ನನ್ನ ಹತ್ತಿರ ಪೇಪರ್ ಹಿಡಿದುಕೊಂಡು ಬಂದಾಗ ಜಾಸ್ತಿ ಕೇಳುವ ಪ್ರಶ್ನೆ ಇದೇ. ಪೇಪರ್ ತೆರೆದು ನೋಡಿದರೆ ನಿಜವಾಗಿಯೂ ತಿದ್ದಿರುತ್ತಾರೆ. ಉತ್ತರ ಪತ್ರ ತೆರೆದರೆ ಮಾತ್ರ ಪ್ರತಿ ಕಾಮೆಂಟಿನ ಕೆಳಗೆ "ಸರಿಪಡಿಸಲಾಗಿದೆ", "ಸೇರಿಸಲಾಗಿದೆ" ಎಂಬ ಒಂದೊಂದೇ ಪದ. ಎಲ್ಲಿ ಸರಿಪಡಿಸಿದ್ದು, ಏನು ಸೇರಿಸಿದ್ದು ಎಂದು ಹುಡುಕುವ ಕೆಲಸ ರಿವ್ಯೂವರ್ ತಲೆಗೆ. ಅವರು ಹುಡುಕುವುದಿಲ್ಲ. ಸಂಬಳವಿಲ್ಲದೆ, ರಾತ್ರಿ ಊಟ ಆದಮೇಲೆ ಓದುವವರು ಯಾಕೆ ಹುಡುಕುತ್ತಾರೆ? ನನ್ನ ಮೊದಲ ಪೇಪರ್‌ಗೆ ನಾನೂ ಹೀಗೇ ಬರೆದಿದ್ದೆ. "ಲೇಖಕರು ನಮ್ಮ ಕಾಮೆಂಟುಗಳನ್ನು ಗಂಭೀರವಾಗಿ ತೆಗೆದುಕೊಂಡಿಲ್ಲ" ಎಂಬ ಒಂದು ಸಾಲಿನೊಂದಿಗೆ ಅದು ತಿರಸ್ಕಾರವಾಯಿತು.

ಇಲ್ಲಿ ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಹೋಗುತ್ತೇನೆ. ನಮ್ಮ ಕಡೆಯ ವಿಷಯವೇ ಇರಲಿ ಎಂದು ತೊಗರಿಯ ನೆಟೆ ರೋಗ ತೆಗೆದುಕೊಂಡಿದ್ದೇನೆ. ಪೇಪರ್, ಅಂಕಿ, ಕಾಮೆಂಟು ಎಲ್ಲವೂ ತೋರಿಸುವುದಕ್ಕಾಗಿ ನಾನೇ ಕಟ್ಟಿದ್ದು. ಆಳಂದ ಮತ್ತು ಜೇವರ್ಗಿ ಕಡೆಯ 12 ಹೊಲ. ಆರರಲ್ಲಿ ಹಳೆಯ ತಳಿ, ಆರರಲ್ಲಿ ರೋಗ ತಡೆಯುತ್ತದೆ ಎನ್ನುವ ಹೊಸ ತಳಿ. ಪ್ರತಿ ಹೊಲದಲ್ಲಿ ಐದು ಜಾಗ, ಪ್ರತಿ ಜಾಗದಲ್ಲಿ 100 ಗಿಡ. ಹಳೆಯ ತಳಿಯಲ್ಲಿ 19 ಶೇಕಡಾ ಗಿಡ ಒಣಗಿವೆ, ಹೊಸದರಲ್ಲಿ 11. ಜರ್ನಲ್‌ನಿಂದ "ದೊಡ್ಡ ತಿದ್ದುಪಡಿ ಬೇಕು" ಎಂದು ಬಂದಿದೆ, ಗಡುವು 60 ದಿನ.

ಪತ್ರ ಇಂಗ್ಲಿಷಿನಲ್ಲೇ ಹೋಗುತ್ತದೆ, ಗೊತ್ತು. ಇಲ್ಲಿ ಮಾದರಿಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ. ನೀವೂ ಕಷ್ಟದ ಉತ್ತರಗಳನ್ನು ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ವಿನಯದ ಮಾತುಗಳ ಹಿಂದೆ ಅಡಗಿಕೊಳ್ಳುವುದು ಸುಲಭ. ಕನ್ನಡದಲ್ಲಿ ಬರೆದರೆ ನಿಮ್ಮ ಹತ್ತಿರ ಉತ್ತರ ಇದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ.

## ಕೂರುವ ಮೊದಲು ಬೇಕಾದದ್ದು

ನಾಲ್ಕು ಫೈಲು ಸಾಕು. ಒಂದು, ಮೊದಲು ಕಳಿಸಿದ ಪೇಪರ್. ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಎರಡು, ಅದರ ನಕಲು, ತಿದ್ದುವುದೆಲ್ಲ ಇದರಲ್ಲಿ. ಮೂರು, ಸಂಪಾದಕರಿಂದ ಬಂದ ಪತ್ರದ ಪೂರ್ತಿ ಪಠ್ಯ. ಕೆಲವು ಸಲ ರಿವ್ಯೂವರ್ ಬೇರೆ ಪಿಡಿಎಫ್‌ನಲ್ಲಿ ಗುರುತು ಹಾಕಿ ಕಳಿಸಿರುತ್ತಾರೆ, ಅದು ಇಮೇಲ್‌ಗೆ ಬರದೆ ಜರ್ನಲ್‌ನ ಸೈಟಿನಲ್ಲೇ ಕೂತಿರುತ್ತದೆ. ಒಮ್ಮೆ ಲಾಗಿನ್ ಆಗಿ ನೋಡಿ. ನಾಲ್ಕನೆಯದು ಉತ್ತರ ಪತ್ರ.

ತಿದ್ದುವ ನಕಲಿನಲ್ಲಿ ಸಾಲಿನ ಸಂಖ್ಯೆ ಈಗಲೇ ಹಾಕಿಕೊಳ್ಳಿ. ವರ್ಡ್‌ನಲ್ಲಾದರೆ Layout, Line Numbers, Continuous. ಪ್ರತಿ ಪುಟಕ್ಕೂ ಒಂದರಿಂದ ಶುರುವಾಗುವ ಸಂಖ್ಯೆ ಬೇಡ. "ಸಾಲು 14" ಎಂದರೆ ಯಾವ ಪುಟದ 14 ಎಂದು ಮತ್ತೆ ಗೊಂದಲ.

## ಹಂತ 1: ಕಾಮೆಂಟುಗಳನ್ನು ಬಿಡಿಸಿ, ನಂಬರ್ ಕೊಡಿ

ಸಂಪಾದಕರು ಬರೆದದ್ದನ್ನು ಮೊದಲು ಓದಿ. ರಿವ್ಯೂವರ್‌ಗಳ ಕಾಮೆಂಟಿನ ಮೇಲೆ ಅವರದೂ ಎರಡು ಸಾಲು ಇರುತ್ತದೆ. "ವಿಶೇಷವಾಗಿ ಮೊದಲ ರಿವ್ಯೂವರ್‌ನ ಲೆಕ್ಕದ ಪ್ರಶ್ನೆಗೆ ಉತ್ತರಿಸಿ" ಎಂದಿದ್ದರೆ, ಪೇಪರ್‌ನ ಹಣೆಬರಹ ಆ ಪ್ರಶ್ನೆಯಲ್ಲೇ ಇದೆ ಎಂದರ್ಥ. ತೀರ್ಮಾನ ತೆಗೆದುಕೊಳ್ಳುವವರು ಸಂಪಾದಕರು, ಅಲ್ವಾ? ಅವರ ಮಾತಿಗೂ ನಂಬರ್ ಕೊಟ್ಟು ಪತ್ರದಲ್ಲಿ ಮೊದಲೇ ಉತ್ತರಿಸಿ.

ಆಮೇಲೆ ಪ್ರತಿ ಕಾಮೆಂಟನ್ನೂ ಒಂದಕ್ಷರ ಬಿಡದೆ ಉತ್ತರ ಪತ್ರಕ್ಕೆ ಕಾಪಿ ಮಾಡಿ. ಸಾರಾಂಶ ಮಾಡಬೇಡಿ. ಹೊಗಳಿದ ಸಾಲು, ಬೈದ ಸಾಲು ಎರಡೂ ಇರಲಿ. ಮೊದಲ ರಿವ್ಯೂವರ್‌ನ ಮೂರನೆಯ ಕಾಮೆಂಟು R1.3, ಎರಡನೆಯವರ ಮೊದಲನೆಯದು R2.1, ಹೀಗೆ.

ಸಾಮಾನ್ಯವಾಗಿ ಎಡವುವುದು ಇಲ್ಲೇ. ರಿವ್ಯೂವರ್ ಒಂದು ಪ್ಯಾರಾದಲ್ಲಿ ಮೂರು ಮಾತು ಕೇಳಿರುತ್ತಾರೆ, ನಾವು ಮೊದಲನೆಯದಕ್ಕೆ ಉತ್ತರಿಸಿ ಮುಂದೆ ಹೋಗುತ್ತೇವೆ. ನಮ್ಮ ಉದಾಹರಣೆಯ R1.3 ನೋಡಿ:

> ಲೇಖಕರು ಪ್ರತಿ ಹೊಲದಲ್ಲಿ ಐದು ಜಾಗ ನೋಡಿ, ಒಟ್ಟು 60 ಎಂದು ಲೆಕ್ಕ ಹಾಕಿದ್ದಾರೆ. ಒಂದೇ ಹೊಲದ ಐದು ಜಾಗಗಳನ್ನು ಐದು ಬೇರೆ ಹೊಲಗಳಂತೆ ಎಣಿಸಲಾಗದು. ಹೊಲಗಳನ್ನು ಹೇಗೆ ಆರಿಸಿದರು ಎಂಬುದೂ ತಿಳಿಯುತ್ತಿಲ್ಲ. ಚಿತ್ರ 2ರಲ್ಲಿ ಕಂಬಗಳ ಮೇಲಿನ ಗೀಟು ಏನನ್ನು ತೋರಿಸುತ್ತದೆ?

ಇದು ಒಂದು ಕಾಮೆಂಟಲ್ಲ, ಮೂರು. ಮೊದಲನೆಯದು ಲೆಕ್ಕ ತಪ್ಪು ಎನ್ನುವ ಗಂಭೀರ ಆಕ್ಷೇಪ. ಎರಡನೆಯದಕ್ಕೆ ಒಂದು ವಾಕ್ಯ ಸೇರಿಸಬೇಕು. ಮೂರನೆಯದು ಚಿತ್ರದ ಕೆಳಗಿನ ಬರಹಕ್ಕೆ ನಾಲ್ಕು ಪದ. R1.3a, R1.3b, R1.3c ಎಂದು ಒಡೆಯಿರಿ. ಮಧ್ಯದಲ್ಲಿ "ಹಾಗೆಯೇ", "ಕೂಡ", "ಇದಲ್ಲದೆ" ಎಂಬ ಪದಗಳು ಕಂಡರೆ ಇನ್ನೊಂದು ಕೇಳಿಕೆ ಶುರುವಾಯಿತು ಎಂದುಕೊಳ್ಳಿ. ಪ್ರಶ್ನಾರ್ಥಕ ಚಿಹ್ನೆಗಳನ್ನೂ ಎಣಿಸಿ. ಹತ್ತು ಕಾಮೆಂಟಿನ ಪತ್ರ ಒಡೆದಮೇಲೆ ಹದಿನೇಳಾದರೆ ಆಶ್ಚರ್ಯ ಪಡಬೇಡಿ.

## ಹಂತ 2: ಉತ್ತರ ಬರೆಯಬೇಡಿ, ಮೊದಲು ಭಾರದ ಕೆಲಸ ಮುಗಿಸಿ

ಎಲ್ಲರಿಗೂ R1.1ರಿಂದ ಉತ್ತರ ಬರೆಯಲು ಶುರು ಮಾಡುವ ಆಸೆ. ಕಾಗುಣಿತ, ಉಲ್ಲೇಖ, ಕೋಷ್ಟಕದ ತಲೆಬರಹ ಇವನ್ನೆಲ್ಲ ಮೊದಲ ವಾರದಲ್ಲೇ ಮುಗಿಸಿ ಖುಷಿಪಡುತ್ತಾರೆ. ಆಮೇಲೆ R1.3aಗೆ ಬಂದು ಲೆಕ್ಕ ಮತ್ತೆ ಮಾಡಿದಾಗ ಫಲಿತಾಂಶವೇ ಬದಲಾಗುತ್ತದೆ. ಅದರ ಮೇಲೆ ನಿಂತಿದ್ದ ಚರ್ಚೆ, ಸಾರಾಂಶ, ತೀರ್ಮಾನ ಎಲ್ಲವೂ ಬದಲಾಗಬೇಕು. ಮೊದಲ ವಾರ ತಿದ್ದಿದ ಸಾಲುಗಳಲ್ಲಿ ಅರ್ಧ ಪೇಪರ್‌ನಲ್ಲೇ ಉಳಿಯುವುದಿಲ್ಲ.

ಹಾಗಾಗಿ ಪ್ರತಿ ನಂಬರಿನ ಮುಂದೆ ಒಂದು ಗುರುತು ಹಾಕಿ: ಲೆಕ್ಕ ಮತ್ತೆ ಮಾಡಬೇಕಾದದ್ದು, ನಮ್ಮಿಂದ ಆಗದ್ದು, ನಾವು ಒಪ್ಪದ್ದು, ಬರೀ ಬರವಣಿಗೆಯದ್ದು. ಕೆಲಸವೂ ಇದೇ ಸಾಲಿನಲ್ಲಿ ನಡೆಯಲಿ. ಆಗದ್ದು ಮತ್ತು ಒಪ್ಪದ್ದನ್ನು ಗೈಡ್ ಜೊತೆ, ಉಳಿದ ಲೇಖಕರ ಜೊತೆ ಮೊದಲ ವಾರದಲ್ಲೇ ಮಾತಾಡಿ. ಗಡುವಿನ ಹಿಂದಿನ ದಿನ ಗೈಡ್ ಫೋನ್ ಎತ್ತದಿದ್ದರೆ ಏನು ಮಾಡುತ್ತೀರಿ?

ಗಡುವು ಸಾಲದು ಅನಿಸಿದರೆ ಈಗಲೇ ಸಂಪಾದಕರಿಗೆ ಬರೆದು ಇನ್ನಷ್ಟು ದಿನ ಕೇಳಿ. ಮುಂಚಿತವಾಗಿ ಕೇಳಿದವರಿಗೆ ಸಾಮಾನ್ಯವಾಗಿ ಕೊಡುತ್ತಾರೆ. ಗಡುವು ದಾಟಿದರೆ ಕೆಲವು ಜರ್ನಲ್‌ಗಳು ಅದನ್ನು ಹೊಸ ಪೇಪರ್ ಎಂದೇ ಎಣಿಸುತ್ತವೆ.

## ಹಂತ 3: ಪೇಪರ್ ತಿದ್ದಿ, ತಿದ್ದಿದ್ದು ಎಲ್ಲೆಲ್ಲಿ ಹರಡುತ್ತದೆ ನೋಡಿ

R1.3a ತೆಗೆದುಕೊಳ್ಳೋಣ. ರಿವ್ಯೂವರ್ ಹೇಳಿದ್ದು ಸರಿ. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಇರುತ್ತದೆ. ಒಂದು ಹೊಲದ ಮಣ್ಣಿನಲ್ಲಿ ಅದು ಜಾಸ್ತಿ ಇದ್ದರೆ ಆ ಹೊಲದ ಐದೂ ಜಾಗದಲ್ಲಿ ಗಿಡ ಒಣಗುತ್ತವೆ. ಐದು ಸಲ ನೋಡಿದೆವು ನಿಜ, ಆದರೆ ನೋಡಿದ್ದು ಒಂದೇ ಹೊಲ. ತಳಿಗಳನ್ನು ಹೋಲಿಸುವಾಗ ನಮ್ಮ ಹತ್ತಿರ ಇರುವುದು 60 ಅಲ್ಲ, ಒಂದು ತಳಿಗೆ 6ರಂತೆ 12 ಹೊಲ.

ಸರಿಪಡಿಸಲು ಎರಡು ದಾರಿ. ಸುಲಭದ್ದು: ಪ್ರತಿ ಹೊಲದ ಐದು ಅಂಕಿಯ ಸರಾಸರಿ ತೆಗೆದು, ಆರು ಸರಾಸರಿಯನ್ನು ಆರರ ಜೊತೆ ಹೋಲಿಸುವುದು. ಇನ್ನೊಂದು, ಹೊಲವನ್ನೂ ಲೆಕ್ಕದೊಳಗೆ ತರುವುದು. R ಸಾಫ್ಟ್‌ವೇರ್ ಬಳಸುವವರು `lme4` ಪ್ಯಾಕೇಜ್ ಹಾಕಿಕೊಂಡು ಹೀಗೆ ಬರೆಯುತ್ತಾರೆ:

```
glmer(cbind(wilted, healthy) ~ variety + (1 | field),
      family = binomial, data = d)
```

`(1 | field)` ಎಂಬ ಭಾಗವೇ ರಿವ್ಯೂವರ್ ಕೇಳಿದ್ದು. ಒಂದೇ ಹೊಲದ ಜಾಗಗಳು ಒಂದನ್ನೊಂದು ಹೋಲುತ್ತವೆ ಎಂದು ಅದು ಲೆಕ್ಕಕ್ಕೆ ಹೇಳುತ್ತದೆ.

ನಮ್ಮ ಉದಾಹರಣೆಯಲ್ಲಿ ಮೊದಲು `p = 0.002` ಇದ್ದದ್ದು ಈಗ `p = 0.07` ಆಯಿತು ಎಂದುಕೊಳ್ಳಿ. 19 ಮತ್ತು 11 ಹಾಗೇ ಇವೆ, ಆದರೆ "ಹೊಸ ತಳಿ ರೋಗವನ್ನು ಖಚಿತವಾಗಿ ಕಡಿಮೆ ಮಾಡುತ್ತದೆ" ಎನ್ನುವ ಧೈರ್ಯ ಹೋಯಿತು. ಇಲ್ಲಿ ಜನ ಮಾಡುವ ತಪ್ಪು ಏನೆಂದರೆ, ಕೋಷ್ಟಕದಲ್ಲಿ ಹೊಸ ಅಂಕಿ ಹಾಕಿ ಸಾರಾಂಶದಲ್ಲಿ ಹಳೆಯ ಮಾತು ಬಿಟ್ಟುಬಿಡುವುದು. ಎರಡನೇ ಸುತ್ತಿನಲ್ಲಿ ರಿವ್ಯೂವರ್ ಓದುವುದೇ ಮೊದಲು ಸಾರಾಂಶ.

ಆದ್ದರಿಂದ Ctrl+F ಒತ್ತಿ ಮೂರು ಹುಡುಕಾಟ ಮಾಡಿ. ಹಳೆಯ ಅಂಕಿ 0.002. ಮಾದರಿ ಸಂಖ್ಯೆ 60. ಮತ್ತು ಇಂಗ್ಲಿಷ್ ಪಠ್ಯದಲ್ಲಿ `significant` ಎಂಬ ಪದ. ಒಂದೊಂದು ಕಡೆಯೂ ನಿಂತು ಓದಿ. ಸಾರಾಂಶ, ಫಲಿತಾಂಶ, ಚಿತ್ರ 2, ಚರ್ಚೆಯ ಮೊದಲ ಪ್ಯಾರಾ, ತೀರ್ಮಾನ, ಕೆಲವೊಮ್ಮೆ ಶೀರ್ಷಿಕೆ ಕೂಡ. ಎಲ್ಲೆಲ್ಲಿ ಬದಲಾಯಿಸಿದಿರಿ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಉತ್ತರ ಬರೆಯುವಾಗ ಈ ಚೀಟಿಯೇ ಬಂಡವಾಳ.

## ಹಂತ 4: ಈಗ ಉತ್ತರ ಬರೆಯಿರಿ

ಪ್ರತಿ ಉತ್ತರದಲ್ಲೂ ನಾಲ್ಕು ಭಾಗ: ಅವರ ಕಾಮೆಂಟು, ನಮ್ಮ ನೇರ ಉತ್ತರ, ಪೇಪರ್‌ನಲ್ಲಿ ಈಗ ಇರುವ ಹೊಸ ವಾಕ್ಯ, ಅದು ಇರುವ ಜಾಗ. ನೇರ ಉತ್ತರ ಮೊದಲ ವಾಕ್ಯದಲ್ಲೇ ಬರಬೇಕು. "ಅಮೂಲ್ಯವಾದ ಕಾಮೆಂಟಿಗೆ ಹೃತ್ಪೂರ್ವಕ ಧನ್ಯವಾದಗಳು" ಎಂದು ಹದಿನೇಳು ಸಲ ಬರೆದರೆ ಓದುವವರಿಗೆ ಬೇಜಾರು. ಪತ್ರದ ತಲೆಯಲ್ಲಿ ಒಮ್ಮೆ ಹೇಳಿದರೆ ಸಾಕು.

R1.3a ಹೀಗೆ ಬರುತ್ತದೆ:

> ಕಾಮೆಂಟು R1.3a: ಲೇಖಕರು ಪ್ರತಿ ಹೊಲದಲ್ಲಿ ಐದು ಜಾಗ ನೋಡಿ, ಒಟ್ಟು 60 ಎಂದು ಲೆಕ್ಕ ಹಾಕಿದ್ದಾರೆ. ಒಂದೇ ಹೊಲದ ಐದು ಜಾಗಗಳನ್ನು ಐದು ಬೇರೆ ಹೊಲಗಳಂತೆ ಎಣಿಸಲಾಗದು.
>
> ಉತ್ತರ: ಒಪ್ಪುತ್ತೇವೆ, ನಮ್ಮ ಹಿಂದಿನ ಲೆಕ್ಕ ತಪ್ಪಾಗಿತ್ತು. ಹೊಲವನ್ನು ಲೆಕ್ಕದೊಳಗೆ ಸೇರಿಸಿ ಮತ್ತೆ ಮಾಡಿದ್ದೇವೆ. ಎರಡು ತಳಿಗಳ ಸರಾಸರಿ ಬದಲಾಗಿಲ್ಲ (19 ಮತ್ತು 11 ಶೇಕಡಾ), ಆದರೆ ವ್ಯತ್ಯಾಸ ಈಗ ಖಚಿತವಲ್ಲ (p = 0.07, ಹಿಂದೆ 0.002). ಅದಕ್ಕೆ ತಕ್ಕಂತೆ ನಮ್ಮ ಮಾತನ್ನು ತಗ್ಗಿಸಿದ್ದೇವೆ.
>
> ಬದಲಾವಣೆ, ವಿಧಾನ, ಸಾಲು 142–147: "ಒಂದೇ ಹೊಲದ ಜಾಗಗಳು ಒಂದನ್ನೊಂದು ಹೋಲುವುದರಿಂದ, ಹೊಲವನ್ನು ಯಾದೃಚ್ಛಿಕ ಅಂಶವಾಗಿ ಸೇರಿಸಿದ ಮಾದರಿಯನ್ನು ಬಳಸಲಾಯಿತು."
>
> ಬದಲಾವಣೆ, ಸಾರಾಂಶ, ಸಾಲು 21–23: ಹಿಂದೆ: "ಹೊಸ ತಳಿ ರೋಗವನ್ನು ಗಣನೀಯವಾಗಿ ಕಡಿಮೆ ಮಾಡಿತು." ಈಗ: "ಹೊಸ ತಳಿಯ ಹೊಲಗಳಲ್ಲಿ ಒಣಗಿದ ಗಿಡಗಳು ಕಡಿಮೆ ಇದ್ದವು, ಆದರೆ 12 ಹೊಲಗಳಿಂದ ಇದನ್ನು ಖಚಿತವಾಗಿ ಹೇಳಲಾಗದು."
>
> ಚಿತ್ರ 2, ಚರ್ಚೆ (ಸಾಲು 231–238) ಮತ್ತು ತೀರ್ಮಾನ (ಸಾಲು 290) ಇದೇ ರೀತಿ ಬದಲಾಗಿವೆ.

ಅಂಕಿ ಕೆಟ್ಟಿತಲ್ಲ, ಇದನ್ನು ಇಷ್ಟು ಬಾಯಿಬಿಟ್ಟು ಹೇಳಬೇಕಾ ಎಂದು ಬಹಳ ಜನ ಕೇಳುತ್ತಾರೆ. ಹೇಳಬೇಕು. ರಿವ್ಯೂವರ್ ಹೊಸ ಕೋಷ್ಟಕ ನೋಡೇ ನೋಡುತ್ತಾರೆ. ನೀವು ಹೇಳದೆ ಅವರೇ ಕಂಡುಹಿಡಿದರೆ ಉಳಿದ ಹದಿನಾರು ಉತ್ತರಗಳ ಮೇಲೂ ಅನುಮಾನ ಬೀಳುತ್ತದೆ.

R1.3b ಸಣ್ಣದು, ಆದರೆ ಅಲ್ಲೂ ಒಂದು ಆಸೆ ಇರುತ್ತದೆ: "ಹೊಲಗಳನ್ನು ಯಾದೃಚ್ಛಿಕವಾಗಿ ಆರಿಸಲಾಯಿತು" ಎಂದು ಬರೆದುಬಿಡುವುದು. ನಿಜವಾಗಿ ನಡೆದದ್ದು ಏನು? ಬೈಕ್ ಹೋಗುವ ದಾರಿ ಇದ್ದ, ರೈತರು ಒಪ್ಪಿದ ಹೊಲಗಳಿಗೆ ಹೋಗಿದ್ದು. ಅದನ್ನೇ ಬರೆಯಿರಿ: "ರಸ್ತೆಗೆ ಹತ್ತಿರವಿದ್ದು, ರೈತರು ಅನುಮತಿ ಕೊಟ್ಟ ಹೊಲಗಳನ್ನು ಆರಿಸಲಾಯಿತು, ಸಾಲು 118." ಮುಗಿಯಿತು. R1.3cಗೂ ಒಂದೇ ಸಾಲು: ಗೀಟು ಪ್ರಮಾಣಿತ ದೋಷವನ್ನು ತೋರಿಸುತ್ತದೆ, ಚಿತ್ರದ ಕೆಳಗೆ ಸೇರಿಸಿದ್ದೇವೆ.

ಕಾಮೆಂಟು, ಉತ್ತರ, ಹೊಸ ವಾಕ್ಯ ಇವು ಮೂರೂ ಕಣ್ಣಿಗೆ ಬೇರೆ ಬೇರೆ ಕಾಣಬೇಕು. ಬಣ್ಣವೊಂದನ್ನೇ ನೆಚ್ಚಬೇಡಿ. ಕೆಲವು ಜರ್ನಲ್‌ಗಳ ಸೈಟಿನಲ್ಲಿ ಉತ್ತರವನ್ನು ಒಂದು ಡಬ್ಬದೊಳಗೆ ಪೇಸ್ಟ್ ಮಾಡಬೇಕು, ಅಲ್ಲಿ ಬಣ್ಣ, ದಪ್ಪಕ್ಷರ ಎಲ್ಲ ಹಾರಿಹೋಗುತ್ತವೆ. "ಕಾಮೆಂಟು", "ಉತ್ತರ", "ಬದಲಾವಣೆ" ಎಂಬ ಪದಗಳನ್ನೇ ಬರೆದಿದ್ದರೆ ಎಲ್ಲಿ ಹೋದರೂ ಉಳಿಯುತ್ತದೆ.

## ಹಂತ 5: ಆಗದ್ದನ್ನು ಆಗದು ಎನ್ನುವುದು

ಎರಡನೇ ರಿವ್ಯೂವರ್ ಹೀಗೆ ಕೇಳಿದರು ಎಂದುಕೊಳ್ಳಿ: ಒಣಗಿದ ಗಿಡಗಳೆಲ್ಲ ಫ್ಯುಸೇರಿಯಂ ಶಿಲೀಂಧ್ರದ ಸೊರಗು ರೋಗದಿಂದಲೇ, ಅಂದರೆ ನಿಜವಾದ ನೆಟೆಯಿಂದಲೇ ಒಣಗಿದವು ಎಂದು ಹೇಗೆ ಗೊತ್ತು? ಶಿಲೀಂಧ್ರವನ್ನು ಬೇರ್ಪಡಿಸಿ ನೋಡಿದ್ದೀರಾ?

ಇದು ನಮ್ಮ ಭಾಗಕ್ಕೆ ಸರಿಯಾಗಿ ತಾಗುವ ಪ್ರಶ್ನೆ. ಹೊಲದಲ್ಲಿ ನಿಂತ ತೊಗರಿ ಒಣಗಿದರೆ ರೈತರು ಅದನ್ನು ನೆಟೆ ಅಂದುಬಿಡುತ್ತಾರೆ. ಆದರೆ ಒಣಗಲು ಕಾರಣ ಒಂದೇ ಅಲ್ಲ. ಫ್ಯುಸೇರಿಯಂ ಇದ್ದರೆ ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಏಳುತ್ತದೆ, ಕಾಂಡ ಸೀಳಿದರೆ ಒಳಗೆ ಕಂದು ಅಥವಾ ಕಪ್ಪು ಗೆರೆ ಕಾಣುತ್ತದೆ. ಒಣ ಬೇರು ಕೊಳೆ ರೋಗ ಬೇರೆ ಶಿಲೀಂಧ್ರದ ಕೆಲಸ, ಅದರಲ್ಲಿ ಗಿಡದ ಬೇರು ಕೊಳೆತು ಪೆಡಸಾಗಿ ಮುರಿಯುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ.

ಈಗ ಗಿಡಗಳಿಲ್ಲ. ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿದು ಕಟ್ಟಿಗೆ ಒಲೆಗೆ ಹೋಗಿದೆ. ಮುಂದಿನ ಬಿತ್ತನೆ ಜೂನ್‌ನಲ್ಲಿ ಮಳೆ ಬಿದ್ದಮೇಲೆ. 60 ದಿನದಲ್ಲಿ ಮತ್ತೆ ತರಲು ಸಾಧ್ಯವೇ ಇಲ್ಲ.

ಇಂಥ ಕಡೆ "ಸಮಯದ ಅಭಾವದಿಂದ ಮಾಡಲಾಗಲಿಲ್ಲ" ಎಂದು ಬರೆದು ಕೈತೊಳೆದುಕೊಳ್ಳಬಾರದು. ಸಮಯ, ದುಡ್ಡು, ಲ್ಯಾಬ್ ನಿಮ್ಮ ಕಷ್ಟ. ಅದರಿಂದ ಪೇಪರ್‌ನ ಮಾತು ನಿಜವಾಗುವುದಿಲ್ಲ. ಮಾಡಲಾಗದ ಕೆಲಸಕ್ಕೆ ಬದಲಾಗಿ ನಿಮ್ಮ ಮಾತನ್ನೇ ಕಿರಿದು ಮಾಡಿ:

> ಉತ್ತರ: ಶಿಲೀಂಧ್ರವನ್ನು ಬೇರ್ಪಡಿಸಿ ನೋಡಿಲ್ಲ. ಬೆಳೆ ಕಟಾವಾಗಿರುವುದರಿಂದ ಈಗ ಅದೇ ಗಿಡಗಳಲ್ಲಿ ನೋಡಲು ಸಾಧ್ಯವಿಲ್ಲ. ನಾವು ದಾಖಲಿಸಿದ್ದು ಒಣಗಿದ ಗಿಡಗಳ ಎಣಿಕೆ ಮಾತ್ರ. ಆದ್ದರಿಂದ ಪೇಪರ್‌ನ ಉದ್ದಕ್ಕೂ "ಫ್ಯುಸೇರಿಯಂ ಸೊರಗು ರೋಗ" ಎಂಬುದನ್ನು "ಸೊರಗಿದ ಲಕ್ಷಣ" ಎಂದು ಬದಲಾಯಿಸಿದ್ದೇವೆ, ಶೀರ್ಷಿಕೆಯಲ್ಲಿಯೂ ಸಹ. ಒಣ ಬೇರು ಕೊಳೆಯ ಗಿಡಗಳೂ ಎಣಿಕೆಯಲ್ಲಿ ಸೇರಿರಬಹುದು ಎಂಬ ಮಿತಿಯನ್ನು ಸಾಲು 262–266ರಲ್ಲಿ ಸೇರಿಸಿದ್ದೇವೆ.

ಶೀರ್ಷಿಕೆ ಚಿಕ್ಕದಾಯಿತು ಎಂದು ಹೊಟ್ಟೆ ಉರಿಯಬಹುದು. ಆದರೆ ಇದಕ್ಕೆ ತಿರುಗಿ ಹೇಳಲು ರಿವ್ಯೂವರ್ ಹತ್ತಿರ ಜಾಸ್ತಿ ಏನೂ ಉಳಿಯುವುದಿಲ್ಲ. ಎರಡನೇ ಹಂಗಾಮಿನ ಅಂಕಿ ಬೇಕು ಎಂದು ಕೇಳಿದಾಗಲೂ ದಾರಿ ಇದೇ: "ಒಂದು ಹಂಗಾಮಿನ ಅವಲೋಕನ" ಎಂದು ಶೀರ್ಷಿಕೆಯಲ್ಲೇ ಹೇಳಿಬಿಡಿ. ಒಂದು ಎಚ್ಚರಿಕೆ: ಆ ಪರೀಕ್ಷೆ ಅಥವಾ ಅಂಕಿ ಇಲ್ಲದೆ ಪೇಪರ್ ನಿಲ್ಲುವುದೇ ಇಲ್ಲ ಎಂದು ಸಂಪಾದಕರೇ ಬರೆದಿದ್ದರೆ ಮಾತು ಕಿರಿದು ಮಾಡಿ ಉಪಯೋಗವಿಲ್ಲ. ಮುಂದಿನ ಬೆಳೆ ನೋಡಿಕೊಂಡು ಮತ್ತೆ ಕಳಿಸುವುದೇ ಮೇಲು.

## ಹಂತ 6: ಒಪ್ಪದಿದ್ದಾಗ

ಹದಿನೇಳರಲ್ಲಿ ಒಂದೋ ಎರಡೋ ಒಪ್ಪದಿರಬಹುದು. ಅದಕ್ಕಿಂತ ಜಾಸ್ತಿ ಆದರೆ ಒಂದು ದಿನ ಬಿಟ್ಟು ಮತ್ತೆ ಓದಿ, ಸಿಟ್ಟು ಮಾತಾಡುತ್ತಿರಬಹುದು.

ರಿವ್ಯೂವರ್ ತಪ್ಪು ತಿಳಿದಿದ್ದಾರೆ ಅನಿಸಿದರೆ "ರಿವ್ಯೂವರ್ ಸರಿಯಾಗಿ ಓದಿಲ್ಲ" ಎಂದು ಬರೆಯಬೇಡಿ. ಅವರು ತಪ್ಪು ತಿಳಿದರೆ ಇನ್ನೊಬ್ಬ ಓದುಗನೂ ತಿಳಿಯುತ್ತಾನೆ. ಆ ವಾಕ್ಯವನ್ನು ಬಿಡಿಸಿ ಬರೆದು, ಬದಲಾವಣೆ ಎಂದು ತೋರಿಸಿ. ಒಪ್ಪದ ಉತ್ತರದಲ್ಲೂ ಪೇಪರ್‌ನಲ್ಲಿ ಏನೋ ಒಂದು ಸಾಲು ಬದಲಾಗಿರಬೇಕು ಎಂಬುದು ನಾನು ಇಟ್ಟುಕೊಂಡ ಲೆಕ್ಕ.

ಒಬ್ಬರು ಚರ್ಚೆ ಚಿಕ್ಕದು ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಹಿಗ್ಗಿಸಿ ಎನ್ನುತ್ತಾರೆ. ಸುಮ್ನೆ ಒಬ್ಬರ ಮಾತು ಕೇಳಿ ಇನ್ನೊಬ್ಬರಿಗೆ ಏನೂ ಹೇಳದಿರಬೇಡಿ. ಉತ್ತರ ಪತ್ರವನ್ನು ಸಾಮಾನ್ಯವಾಗಿ ಇಬ್ಬರೂ ನೋಡುತ್ತಾರೆ. "R2.4ರಲ್ಲಿ ಇದಕ್ಕೆ ವಿರುದ್ಧವಾದ ಸಲಹೆ ಇದೆ, ನಾವು ಹೀಗೆ ಮಾಡಿದ್ದೇವೆ, ಕಾರಣ ಇದು" ಎಂದು ಎರಡೂ ಕಡೆ ಬರೆಯಿರಿ. ಯಾವುದೋ ಸಂಬಂಧವಿಲ್ಲದ ಐದು ಪೇಪರ್‌ಗಳನ್ನು ಉಲ್ಲೇಖಿಸಿ ಎಂದು ಒತ್ತಾಯ ಬಂದರೆ, ಸಂಬಂಧ ಇರುವುದನ್ನು ಮಾತ್ರ ಸೇರಿಸಿ, ಉಳಿದ ವಿಷಯವನ್ನು ಸಂಪಾದಕರಿಗೆ ಹೋಗುವ ಮುಖಪತ್ರದಲ್ಲಿ ಹೇಳಿ. ಉತ್ತರ ಪತ್ರ ಅದಕ್ಕೆ ಜಾಗವಲ್ಲ.

## ಹಂತ 7: ಸಾಲಿನ ಸಂಖ್ಯೆ ಕೊನೆಗೆ, ಆಮೇಲೆ ಫೈಲುಗಳು

ಮೇಲಿನ ಮಾದರಿಗಳಲ್ಲಿ ಸಾಲಿನ ಸಂಖ್ಯೆ ಕೊಟ್ಟಿದ್ದೇನೆ. ನಿಮ್ಮ ಪತ್ರದಲ್ಲಿ ಈವರೆಗೆ ಆ ಜಾಗದಲ್ಲಿ ಸಾಲು ### ಎಂದಷ್ಟೇ ಇರಲಿ. ಪೇಪರ್‌ನಲ್ಲಿ ಒಂದು ವಾಕ್ಯ ಸೇರಿದರೂ ಕೆಳಗಿನ ಎಲ್ಲ ಸಂಖ್ಯೆ ಜಾರುತ್ತದೆ. ಪೇಪರ್ ಪೂರ್ತಿ ಮುಗಿದು, ಎಲ್ಲ ಲೇಖಕರೂ ಸರಿ ಎಂದಮೇಲೆ, ಒಂದೊಂದೇ ### ಹುಡುಕಿ ತುಂಬಿ. ಯಾವ ಫೈಲಿನ ಸಂಖ್ಯೆ ಎಂದೂ ಪತ್ರದ ಮೊದಲಲ್ಲೇ ಹೇಳಿ. ಗುರುತು ಹಾಕಿದ ಪ್ರತಿಯಲ್ಲಿ ಅಳಿಸಿದ ಸಾಲುಗಳೂ ಕಾಣುವುದರಿಂದ ಅದರ ಸಂಖ್ಯೆ ಬೇರೆ, ಶುದ್ಧ ಪ್ರತಿಯ ಸಂಖ್ಯೆ ಬೇರೆ.

ಗುರುತು ಹಾಕಿದ ಪ್ರತಿಯನ್ನು ಕೈಯಿಂದ ಬಣ್ಣ ಬಳಿದು ಮಾಡಬೇಡಿ, ಎಲ್ಲೋ ಒಂದು ಬಿಟ್ಟುಹೋಗುತ್ತದೆ. ವರ್ಡ್‌ನಲ್ಲಿ Review, Compare ಕೊಟ್ಟು ಮುಟ್ಟದೆ ಇಟ್ಟ ಮೊದಲ ಫೈಲನ್ನು ಹೊಸದರ ಜೊತೆ ಹೋಲಿಸಿ. ಲೇಟೆಕ್‌ನವರಿಗೆ ಈ ಸಾಲು:

```
latexdiff old.tex new.tex > diff.tex
```

ಹೋಲಿಸಿದಾಗ ಇನ್ನೊಂದು ಉಪಯೋಗ ಇದೆ. ಉತ್ತರ ಪತ್ರದಲ್ಲಿ ಹೇಳದ ಬದಲಾವಣೆಗಳೂ ಕಣ್ಣಿಗೆ ಬೀಳುತ್ತವೆ. ನೀವೇ ಕಂಡುಹಿಡಿದು ತಿದ್ದಿದ ತಪ್ಪುಗಳಿದ್ದರೆ ಪತ್ರದ ಕೊನೆಯಲ್ಲಿ "ನಾವೇ ಮಾಡಿದ ಇತರ ಬದಲಾವಣೆ" ಎಂದು ಹಾಕಿ.

ಲೇಖಕರ ಹೆಸರು ಮುಚ್ಚಿಡುವ ಜರ್ನಲ್ ಆದರೆ, ಪತ್ರದ ಕೊನೆಯ ಸಹಿ ತೆಗೆಯಿರಿ. ವರ್ಡ್‌ನ ತಿದ್ದುಪಡಿ ಗುರುತುಗಳಲ್ಲೂ ನಿಮ್ಮ ಹೆಸರು ಕೂತಿರುತ್ತದೆ. ಗೈಡ್ ಪಕ್ಕದಲ್ಲಿ ಹಾಕಿದ "ಇದಕ್ಕೇನಾದರೂ ಬರೆದು ಸಾಗಹಾಕು" ಎಂಬ ಟಿಪ್ಪಣಿಯೂ ಹಾಗೇ ಹೋದದ್ದು ನಾನು ಕಂಡಿದ್ದೇನೆ. File, Info, Inspect Document ಒಮ್ಮೆ ಓಡಿಸಿ.

ಕೊನೆಗೆ ಒಂದು ಪರೀಕ್ಷೆ, ಅರ್ಧ ಗಂಟೆ ಸಾಕು. ಪೇಪರ್ ಓದದ ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿ. ಅವರು ಉತ್ತರ ಪತ್ರದಲ್ಲಿ ಉದ್ಧರಿಸಿದ ಪ್ರತಿ ಹೊಸ ವಾಕ್ಯದ ಮೂರು ಪದ ಹೇಳಲಿ, ನೀವು ಪೇಪರ್‌ನಲ್ಲಿ Ctrl+F ಕೊಟ್ಟು ಹುಡುಕಿ. ವಾಕ್ಯ ಸಿಗದಿದ್ದರೆ, ಪತ್ರದಲ್ಲಿ ಬರೆದು ಪೇಪರ್‌ನಲ್ಲಿ ಹಾಕುವುದು ಮರೆತಿದ್ದೀರಿ. ಸಿಕ್ಕರೂ ಪದ ಬೇರೆ ಇದ್ದರೆ, ಕೊನೆಯ ದಿನ ಯಾರೋ ತಿದ್ದಿದ್ದಾರೆ. ಸಾಲಿನ ಸಂಖ್ಯೆ ಒಂದೆರಡು ಜಾರಿದ್ದರೆ ಅಲ್ಲಿಂದ ಕೆಳಗಿನದ್ದೆಲ್ಲ ಮತ್ತೆ ನೋಡಿ. ### ಒಂದೂ ಉಳಿದಿಲ್ಲ ಎಂದಾದ ಮೇಲೆ ಪಿಡಿಎಫ್ ಮಾಡಿ, ಅಪ್‌ಲೋಡ್ ಆದಮೇಲೆ ಸೈಟ್ ತಾನೇ ಕಟ್ಟಿಕೊಡುವ ಪಿಡಿಎಫ್ ತೆರೆದು ಚಿತ್ರ 2 ಹೊಸದೋ ಹಳೆಯದೋ ನೋಡಿಕೊಂಡು ಸಬ್‌ಮಿಟ್ ಒತ್ತಿ.